ತುಟಿಗೆ ಕೂಡುವ ಮಾತು

ಒಂದು ತೆಲುಗು ಚಿತ್ರದ ಜಗಳದ ದೃಶ್ಯ ಎಂದಿಟ್ಟುಕೊಳ್ಳಿ. ಪರದೆ ತುಂಬಾ ನಾಯಕನ ಮುಖ. ಎದುರಿಗಿದ್ದವನ ಕಡೆ ಕಣ್ಣು ಕೆಂಪು ಮಾಡಿ ‘ಪೋ!’ ಎನ್ನುತ್ತಾನೆ. ಕನ್ನಡದಲ್ಲಿ ‘ಹೋಗು’. ಅನುವಾದವಾದರೆ ಕೆಲಸ ಅಲ್ಲಿಗೆ ಮುಗಿಯಿತು. ಡಬ್ಬಿಂಗ್ ಆದರೆ ತೊಂದರೆ ಅಲ್ಲಿಂದಲೇ ಶುರು. ‘ಪೋ’ ಅನ್ನಬೇಕಾದರೆ ಎರಡು ತುಟಿ ಕೂಡಿ ಸಿಡಿಯಬೇಕು. ‘ಹೋಗು’ ಅನ್ನುವಾಗ ತುಟಿ ಕೂಡುವುದೇ ಇಲ್ಲ. ನೋಡುವವನಿಗೆ ಸಿಡಿದ ತುಟಿ ಕಾಣುತ್ತದೆ, ಸಿಡಿದ ಸದ್ದು ಕೇಳುವುದಿಲ್ಲ. ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ.

ಇದರಲ್ಲೊಂದು ತಮಾಷೆಯಿದೆ. ತಮಿಳು, ತೆಲುಗುಗಳ ಎಷ್ಟೋ ಪಕಾರಗಳು ಕನ್ನಡದಲ್ಲಿ ಹಕಾರವಾಗಿವೆ. ಅವರ ಪುಲಿ ನಮಗೆ ಹುಲಿ, ಪಾಲು ಹಾಲು, ಪೂವು ಹೂವು. ಹತ್ತನೆಯ ಶತಮಾನದ ಪಂಪನ ಕನ್ನಡದಲ್ಲಿ ಇವೆಲ್ಲ ಪಕಾರದಲ್ಲೇ ಇದ್ದವು. ಡಬ್ಬಿಂಗ್ ಸಂಭಾಷಣೆಯನ್ನು ಪಂಪನೇ ಬರೆದಿದ್ದರೆ ‘ಪೋಗು’ ಅಂದು ಸಲೀಸಾಗಿ ತುಟಿ ಕೂಡಿಸಿಬಿಡುತ್ತಿದ್ದ. ಇವತ್ತಿನ ಬರಹಗಾರ ಬೇರೆ ದಾರಿ ಹುಡುಕಬೇಕು. ‘ಮುಚ್ಚು!’ ಎಂದರೆ ತುಟಿ ಕೂಡುತ್ತದೆ, ದುಂಡಗೂ ಆಗುತ್ತದೆ. ಅರ್ಥ ಬೇರೆಯಾಯಿತು, ನಿಜ. ಆದರೆ ಸಿಟ್ಟು ಅದೇ. ‘ಹೋಗು’ ಎಂಬುದನ್ನು ಮುಂದಿನ ಸಾಲಿನಲ್ಲಿ, ಮುಖ ಸ್ವಲ್ಪ ತಿರುಗಿದಾಗ ಸೇರಿಸಿಕೊಳ್ಳಬಹುದು.

ಒಂದು ತುಟಿಚಲನೆಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕೆ? ಬೇಕು, ಯಾಕೆಂದರೆ ನಾವು ಮಾತನ್ನು ಬರೀ ಕಿವಿಯಿಂದ ಕೇಳುವುದಿಲ್ಲ. ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಎಂಬ ಸಂಶೋಧಕರು 1976ರಲ್ಲಿ ಇದನ್ನು ತೋರಿಸಿಕೊಟ್ಟರು. ‘ಗ’ ಎನ್ನುತ್ತಿರುವ ಬಾಯಿಯ ಚಿತ್ರಕ್ಕೆ ‘ಬ’ ಎಂಬ ಧ್ವನಿ ಜೋಡಿಸಿದರೆ ಬಹಳ ಜನರಿಗೆ ಎರಡೂ ಅಲ್ಲದ ‘ದ’ ಕೇಳಿಸಿತು. ಕಣ್ಣು ಒಪ್ಪದ ಅಕ್ಷರವನ್ನು ಕಿವಿಯೂ ಸರಿಯಾಗಿ ಕೇಳುವುದಿಲ್ಲ. ಆದ್ದರಿಂದ ಡಬ್ಬಿಂಗ್ ಬರಹಗಾರ ಮೂಲ ಸಂಭಾಷಣೆಯ ಹಾಳೆಗಿಂತ ಮೊದಲು ಪರದೆಯ ಮೇಲಿನ ಬಾಯಿಯನ್ನು ಓದುತ್ತಾನೆ.

ಹಾಗಂತ ಎಲ್ಲ ಅಕ್ಷರವೂ ಕಣ್ಣಿಗೆ ಕಾಣುವುದಿಲ್ಲ. ಕ, ಗ, ತ, ದ, ನ, ಲ ಮುಂತಾದವು ಬಾಯಿಯ ಒಳಗೇ ಮುಗಿಯುತ್ತವೆ. ಅವುಗಳಲ್ಲಿ ಯಾವುದರ ಜಾಗಕ್ಕೆ ಯಾವುದು ಬಂದರೂ ನೋಡುವವನಿಗೆ ತಿಳಿಯದು. ಎದ್ದು ಕಾಣುವವು ತುಟಿ ಕೂಡುವ ಪ, ಬ, ಮ. ಆಮೇಲೆ ಮೇಲಿನ ಹಲ್ಲು ಕೆಳತುಟಿಗೆ ತಾಗುವ ವ. ಸ್ವರಗಳಲ್ಲಿ ಬಾಯಿ ಅಗಲ ತೆರೆಯುವ ಆ ಮತ್ತು ತುಟಿ ದುಂಡಾಗುವ ಉ, ಒ. ಇಷ್ಟನ್ನು ಕೂಡಿಸಿದರೆ ಲಿಪ್ ಸಿಂಕ್‌ನ ಬಹುಪಾಲು ಕೆಲಸ ಆದಂತೆ. ಅದೂ ಕ್ಲೋಸಪ್‌ನಲ್ಲಿ ಮಾತ್ರ. ನಟ ದೂರದಲ್ಲಿದ್ದರೆ ಮಾತು ಶುರುವಾಗುವ ಮತ್ತು ಮುಗಿಯುವ ಗಳಿಗೆ ಸರಿಯಿದ್ದರೆ ಸಾಕು. ಬೆನ್ನು ತಿರುಗಿಸಿದ್ದರೆ ಬರಹಗಾರನಿಗೆ ಹಬ್ಬ.

ಉದಾಹರಣೆಗೆಂದು ನಾವೇ ಒಂದು ದೃಶ್ಯ ಕಟ್ಟಿಕೊಂಡು ಕೆಲಸ ಮಾಡಿ ನೋಡೋಣ. ಆಸ್ಪತ್ರೆಯ ಕೋಣೆ. ಮನೆ ಬಿಟ್ಟುಹೋಗಿದ್ದ ಮಗ ಬಾಗಿಲು ತಳ್ಳಿಕೊಂಡು ಬರುತ್ತಾನೆ. ಕ್ಯಾಮೆರಾ ಅವನ ಬೆನ್ನ ಹಿಂದಿದೆ. ಹಾಸಿಗೆಯ ಪಕ್ಕ ಕೂರುತ್ತಾನೆ. ಈಗ ಅವನ ಮುಖದ ಕ್ಲೋಸಪ್. ತೆಲುಗಿನಲ್ಲಿ ಹೇಳುತ್ತಾನೆ: ‘ನಾನ್ನಾ… ನನ್ನು ಕ್ಷಮಿಂಚು. ಆಲಸ್ಯಂಗಾ ವಚ್ಚಾನು.’ ಕೊನೆಯ ಮಾತು ಆಡುತ್ತಿರುವಾಗಲೇ ದೃಶ್ಯ ತಂದೆಯ ಮುಖಕ್ಕೆ ಹೋಗುತ್ತದೆ.

ಅರ್ಥವನ್ನಷ್ಟೇ ತಂದರೆ ‘ಅಪ್ಪಾ… ನನ್ನನ್ನು ಕ್ಷಮಿಸು. ತಡವಾಗಿ ಬಂದೆ’ ಎಂದಾಗುತ್ತದೆ. ಮೊದಲ ಪದದಲ್ಲೇ ಎಡವಿದೆವು. ‘ನಾನ್ನಾ’ ಅನ್ನುವಾಗ ತುಟಿ ಕೂಡುವುದಿಲ್ಲ, ‘ಅಪ್ಪಾ’ ಅನ್ನುವಾಗ ಒತ್ತಿ ಕೂಡುತ್ತದೆ. ತಂದೆಯನ್ನು ‘ಅಣ್ಣ’ ಎಂದು ಕರೆಯುವ ಮನೆಗಳು ನಮ್ಮಲ್ಲಿ ಉಂಟು, ತುಟಿಗೂ ಅದು ಕೂಡುತ್ತದೆ. ಆದರೆ ಥಿಯೇಟರಿನಲ್ಲಿ ಕೂತವರು ಮಲಗಿರುವವನು ಅಣ್ಣನೋ ಅಪ್ಪನೋ ಎಂದು ಯೋಚನೆಗೆ ಬೀಳುತ್ತಾರೆ. ಇನ್ನೊಂದು ದಾರಿ ಇದೆ. ಮಗ ಬೆನ್ನು ಹಾಕಿಕೊಂಡು ಒಳಗೆ ಬರುತ್ತಾನಲ್ಲ, ಅಲ್ಲಿ ಮೆಲ್ಲಗೆ ಒಂದು ‘ಅಪ್ಪಾ’ ಇಡುವುದು. ಸಂಬಂಧ ತಿಳಿದುಹೋಯಿತು. ಕ್ಲೋಸಪ್‌ನಲ್ಲಿ ‘ನಾನ್ನಾ’ ಇದ್ದ ಕಡೆ, ಅರೆಪ್ರಜ್ಞೆಯಲ್ಲಿರುವ ತಂದೆಗೆ ಗುರುತು ಸಿಗಲೆಂಬಂತೆ, ‘ನಾನೇ…’ ಅಂದರೆ ಆಯಿತು.

ಇನ್ನು ‘ನನ್ನು ಕ್ಷಮಿಂಚು’. ಬಾಯಿಲೆಕ್ಕದಲ್ಲಿ ಬಿಡಿಸಿದರೆ ನನ್–ನು–ಕ್ಷ–ಮಿನ್–ಚು, ಐದು ಹೆಜ್ಜೆ. ನಾಲ್ಕನೆಯ ಹೆಜ್ಜೆಯಲ್ಲಿ ತುಟಿ ಕೂಡುತ್ತದೆ, ಐದನೆಯದರಲ್ಲಿ ದುಂಡಾಗುತ್ತದೆ. ‘ನನ್ನನ್ನು ಕ್ಷಮಿಸು’ ಎಂಬುದರಲ್ಲಿ ಒಂದು ಹೆಜ್ಜೆ ಹೆಚ್ಚು. ಅದಕ್ಕಿಂತ ದೊಡ್ಡ ತಪ್ಪೆಂದರೆ ನಮ್ಮ ಮನೆಗಳಲ್ಲಿ ಯಾವ ಮಗನೂ ಅಪ್ಪನಿಗೆ ಹಾಗೆ ಹೇಳುವುದಿಲ್ಲ. ಏನು ಹೇಳುತ್ತಾನೆ? ‘ನಂದೇ ತಪ್ಪಾಯ್ತು.’ ಬಿಡಿಸಿ ನೋಡಿ: ನನ್–ದೇ–ತಪ್–ಪಾಯ್–ತು. ಐದೇ ಹೆಜ್ಜೆ. ‘ಮಿನ್’ ಇದ್ದ ಜಾಗಕ್ಕೆ ‘ಪಾಯ್’ ಬಂದು ತುಟಿ ಕೂಡಿತು, ‘ಚು’ ಇದ್ದಲ್ಲಿ ‘ತು’ ಬಂದು ದುಂಡಾಯಿತು. ಮೊದಲ ‘ನನ್’ ಎರಡರಲ್ಲೂ ಒಂದೇ. ಮೂಲದ ಒಂದು ಶಬ್ದವೂ ಅನುವಾದವಾಗಿಲ್ಲ, ಮಗ ಮಾತ್ರ ಕನ್ನಡದವನಾದ.

ಕೊನೆಯ ಸಾಲು ಏಳು ಹೆಜ್ಜೆಯದು: ಆ–ಲ–ಸ್ಯಂ–ಗಾ–ವ–ಚ್ಚಾ–ನು. ಶುರುವಿಗೆ ಅಗಲವಾದ ‘ಆ’, ಐದನೆಯದರಲ್ಲಿ ಹಲ್ಲಿಗೆ ತುಟಿ ತಾಗುವ ‘ವ’. ‘ತಡವಾಗಿ ಬಂದೆ’ ಎಂದರೆ ವಕಾರ ಎರಡು ಹೆಜ್ಜೆ ಮೊದಲೇ ಬಂದುಬಿಡುತ್ತದೆ. ‘ಆಗ್ಲೇನೇ ನಾ ಬರ್ದಿದ್ದು’ ಎಂದು ಬರೆದರೆ ಹಾಳೆಯ ಮೇಲೆ ಎಲ್ಲ ಸರಿ. ತಪ್ಪಾಯ್ತು, ಆಗಲೇ ಬಾರದೆ ಇದ್ದದ್ದು ಎಂಬ ಭಾವ. ಆದರೆ ಗಟ್ಟಿಯಾಗಿ ಓದಿದ ಕೂಡಲೇ ಗುಂಡಿ ಕಾಣುತ್ತದೆ. ‘ಬರ್ದಿದ್ದು’ ಎಂಬುದು ಕಿವಿಗೆ ‘ಬರೆದಿದ್ದು’ ಎಂದೂ ಕೇಳುತ್ತದೆ, ಮಗ ಪತ್ರ ಬರೆದಿದ್ದನೇನೋ ಎಂಬಂತೆ. ಅದಕ್ಕೇ ಈ ಸಂಭಾಷಣೆಗಳನ್ನು ಮನಸ್ಸಿನಲ್ಲಿ ಓದಿ ಒಪ್ಪಬಾರದು. ಇಲ್ಲಿ ನಮ್ಮ ಕೈ ಹಿಡಿಯುವುದು ಕ್ಯಾಮೆರಾ. ‘ವ’ ದಾಟಿದ ಮೇಲೆ ಪರದೆಯಲ್ಲಿರುವುದು ತಂದೆಯ ಮುಖ, ಮಗನ ತುಟಿ ಯಾರಿಗೂ ಕಾಣದು. ಹಾಗಾಗಿ ‘ಆಗ್ಲೇನೇ ನಾ ಬರ್ಲಿಲ್ಲ’ ಎಂದು ಮುಗಿಸಬಹುದು. ಹೆಜ್ಜೆ ಏಳೇ, ಗೊಂದಲ ಇಲ್ಲ. ‘ವ’ ಇದ್ದಲ್ಲಿ ‘ಬ’ ಬಂದಿದೆ. ಒಂದರಲ್ಲಿ ತುಟಿ ಹಲ್ಲಿಗೆ ತಾಗುತ್ತದೆ, ಇನ್ನೊಂದರಲ್ಲಿ ತುಟಿಗೆ ತುಟಿ. ಅಷ್ಟು ವ್ಯತ್ಯಾಸವನ್ನು ಕಣ್ಣು ಕ್ಷಮಿಸುತ್ತದೆ.

ಹೀಗೆ ಹಿಗ್ಗಿಸಿ ಕುಗ್ಗಿಸಲು ಆಡುಗನ್ನಡ ಹೇಳಿ ಮಾಡಿಸಿದಂತಿದೆ. ‘ಮಾಡ್ತಿದ್ದೀನಿ’ ನಾಲ್ಕು ಹೆಜ್ಜೆ, ‘ಮಾಡ್ತಾ ಇದ್ದೀನಿ’ ಐದು, ‘ಮಾಡುತ್ತಾ ಇದ್ದೇನೆ’ ಆರು. ಅರ್ಥ ಒಂದೇ. ಬಾಯಿ ಎಷ್ಟು ಹೊತ್ತು ಆಡುತ್ತದೋ ಅಷ್ಟಕ್ಕೆ ಬೇಕಾದದ್ದನ್ನು ಆರಿಸಿಕೊಳ್ಳಬಹುದು. ಪುಸ್ತಕದ ಭಾಷೆಗೆ ಅಂಟಿಕೊಂಡ ಬರಹಗಾರನಿಗೆ ಈ ಸೌಲಭ್ಯ ಇಲ್ಲ. ಅವನ ವಾಕ್ಯ ಉದ್ದವಾಗಿ, ಕಲಾವಿದ ಓಡಿ ಓಡಿ ಮುಗಿಸಬೇಕಾಗುತ್ತದೆ. ನಮ್ಮಲ್ಲಿ ಈ ಕಸುಬಿಗೆ ಬಹಳ ಕಾಲ ಅವಕಾಶವೂ ಇರಲಿಲ್ಲ. 1960ರ ದಶಕದ ಚಳವಳಿಯ ನಂತರ ಪರಭಾಷಾ ಚಿತ್ರಗಳ ಕನ್ನಡ ಡಬ್ಬಿಂಗ್ ನಿಂತೇಹೋಗಿತ್ತು. ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆ ಅಘೋಷಿತ ನಿಷೇಧದ ವಿರುದ್ಧ ಆದೇಶ ಕೊಟ್ಟ ಮೇಲೆ, 2017ರಲ್ಲಿ ‘ಸತ್ಯದೇವ್ ಐಪಿಎಸ್’ ತೆರೆಗೆ ಬಂತು. ಕನ್ನಡದಲ್ಲಿ ಬಾಯಿಗೆ ಮಾತು ಹೊಂದಿಸುವ ಪಾಠ ಮತ್ತೆ ಮೊದಲಿನಿಂದ ಶುರುವಾಯಿತು ಅನ್ನಬಹುದು.

ಸಾಲು ಸಿದ್ಧವಾದ ಮೇಲೆ ಅದು ಕಂಠದಾನ ಕಲಾವಿದರ ಪಾಲು. ದೃಶ್ಯವನ್ನು ಒಂದೆರಡು ಮಾತಿನ ತುಂಡುಗಳಾಗಿ ಕತ್ತರಿಸಿ ಮತ್ತೆ ಮತ್ತೆ ಓಡಿಸುತ್ತಾರೆ. ಈ ತುಂಡಿಗೆ ಇವತ್ತಿಗೂ ಲೂಪ್ ಎಂದೇ ಹೆಸರು, ಹಿಂದೆ ಫಿಲ್ಮಿನ ಎರಡು ತುದಿ ಅಂಟಿಸಿ ಬಳೆಯಂತೆ ತಿರುಗಿಸುತ್ತಿದ್ದ ಕಾಲದ ನೆನಪು. ಕಲಾವಿದ ಹೆಡ್‌ಫೋನಿನಲ್ಲಿ ಮೂಲ ಧ್ವನಿ ಕೇಳುತ್ತಾನೆ, ಕಣ್ಣು ಪರದೆಯ ಮೇಲೆ, ಎದುರಿಗೆ ಮೈಕು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಎರಡು ಮೂರು ಫ್ರೇಮ್ ಹೆಚ್ಚುಕಡಿಮೆಯಾದರೆ ಪಳಗಿದ ಕಣ್ಣಿಗೆ ಗೊತ್ತಾಗುತ್ತದೆ. ಅದರಲ್ಲೂ ಧ್ವನಿ ತುಟಿಗಿಂತ ಮೊದಲು ಬಂದರೆ ಬೇಗ ಸಿಕ್ಕಿಬೀಳುತ್ತದೆ, ತುಸು ತಡವಾದರೆ ನಡೆಯುತ್ತದೆ. ಮಿಂಚು ಮೊದಲು, ಗುಡುಗು ಆಮೇಲೆ ಎಂಬುದಕ್ಕೆ ನಾವು ಹುಟ್ಟಿನಿಂದ ಒಗ್ಗಿದವರು. ಸಣ್ಣ ಹೆಚ್ಚುಕಡಿಮೆಯನ್ನು ಎಂಜಿನಿಯರ್ ಕಂಪ್ಯೂಟರಿನಲ್ಲಿ ಸರಿಸಿ ಕೂರಿಸುತ್ತಾರೆ.

ಸರಿಸಿ ಕೂರಿಸಲಾಗದ್ದು ಒಂದೇ, ಭಾವದ ಮಟ್ಟ. ನಮ್ಮ ದೃಶ್ಯದ ಮಗ ಬೆನ್ನು ಬಾಗಿಸಿ, ಗಂಟಲು ಕಟ್ಟಿ ಮಾತಾಡುತ್ತಿದ್ದಾನೆ. ಕಲಾವಿದ ನೆಟ್ಟಗೆ ನಿಂತು ಎದೆ ತುಂಬ ಉಸಿರೆಳೆದು ‘ನಂದೇ ತಪ್ಪಾಯ್ತು’ ಅಂದರೆ ಪ್ರತಿ ಅಕ್ಷರವೂ ತುಟಿಗೆ ಕೂಡಿರುತ್ತದೆ, ದೃಶ್ಯ ಸತ್ತಿರುತ್ತದೆ. ಅವನೂ ಬಾಗಬೇಕು, ಹೊಟ್ಟೆಯ ಬಿಗಿ ಸಡಿಲಿಸಬೇಕು, ಮೈಕಿನ ಹತ್ತಿರ ಸರಿದು ದನಿ ತಗ್ಗಿಸಬೇಕು. ಕುತ್ತಿಗೆಯ ನರ ಎಷ್ಟು ಉಬ್ಬಿದೆಯೋ ಅಷ್ಟೇ ದನಿ, ಹೆಚ್ಚಾದರೆ ನಾಟಕ, ಕಡಿಮೆಯಾದರೆ ವಾರ್ತೆ. ‘ನಾನೇ’ ಮತ್ತು ‘ನಂದೇ’ ನಡುವೆ ಮೂಲ ನಟ ಉಗುಳು ನುಂಗಿ ಉಸಿರು ಎಳೆದುಕೊಂಡಿದ್ದಾನೆ. ಹಾಳೆಯಲ್ಲಿ ಅಲ್ಲಿ ಮೂರು ಚುಕ್ಕಿ ಮಾತ್ರ ಇರುತ್ತದೆ. ಆ ಉಸಿರನ್ನೂ ಕಲಾವಿದನೇ ಕೊಡಬೇಕು. ಕೊಡದಿದ್ದರೆ ಎದೆ ಏರಿದ್ದು ಕಾಣುತ್ತದೆ, ಸದ್ದಿಲ್ಲ, ಮುಖ ಮುಖವಾಡವಾಗುತ್ತದೆ.

ಭಾವ ಹೊಂದಿಸಲು ಹೋದಾಗ ಲೆಕ್ಕ ತಪ್ಪುವುದೂ ಉಂಟು. ಅಳು ಬೆರೆತ ಟೇಕ್‌ನಲ್ಲಿ ‘ತಪ್–ಪಾಯ್’ ನಡುವೆ ದನಿ ಒಡೆದು, ತುಟಿ ಒಂದೆರಡು ಫ್ರೇಮ್ ಹಿಂದೆ ಬೀಳುತ್ತದೆ. ಅಚ್ಚುಕಟ್ಟಾಗಿ ಕೂಡಿದ ಇನ್ನೊಂದು ಟೇಕ್ ಒಣಗಿದಂತಿರುತ್ತದೆ. ಯಾವುದನ್ನು ಇಟ್ಟುಕೊಳ್ಳುವುದು? ಒಡೆದ ದನಿಯದನ್ನೇ. ಎರಡು ಫ್ರೇಮಿನ ತಪ್ಪನ್ನು ಎಂಜಿನಿಯರ್ ಎಳೆದು ಸರಿಮಾಡಬಲ್ಲರು. ಒಣ ಮಾತಿಗೆ ಅಳು ತುಂಬುವ ಗುಂಡಿ ಯಾವ ಯಂತ್ರದಲ್ಲೂ ಇಲ್ಲ.

ಡಬ್ ಆದ ಚಿತ್ರ ನೋಡುವಾಗ ಒಂದು ಸಲ ಪರೀಕ್ಷೆ ಮಾಡಿ. ಕ್ಲೋಸಪ್ ಬಂದಾಗ ಪ, ಬ, ಮ ಎಲ್ಲಿ ಬೀಳುತ್ತದೆ ನೋಡಿ. ಆಮೇಲೆ ಕಣ್ಣು ಮುಚ್ಚಿ ಬರೀ ಕೇಳಿ, ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಮಾತಾಡುತ್ತಾರೆಯೇ? ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋತ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಎರಡರಲ್ಲೂ ಗೆದ್ದದ್ದು ಎದುರಾದರೆ, ಪರೀಕ್ಷೆ ಮಾಡಲು ಕೂತಿದ್ದೇನೆ ಎಂಬುದೇ ನಿಮಗೆ ಮರೆತುಹೋಗಿರುತ್ತದೆ.