ಎಂಟು ಗಂಟೆಯೊಳಗೆ ಎಪ್ಪತ್ತು ಗ್ರಾಂ

ಹದಿನಾರು ಗಂಟೆ ಉಪವಾಸ, ಎಂಟು ಗಂಟೆಯೊಳಗೆ ಊಟ. ಇಂಟರ್ಮಿಟೆಂಟ್ ಫಾಸ್ಟಿಂಗ್ ಎಂದು ನಮ್ಮ ಊರುಗಳಲ್ಲಿ ಹೆಚ್ಚಾಗಿ ನಡೆಯುತ್ತಿರುವುದು ಇದೇ. ಬೆಳಗಿನ ತಿಂಡಿ ಬಿಟ್ಟು, ಮಧ್ಯಾಹ್ನ ಹನ್ನೆರಡಕ್ಕೆ ಮೊದಲ ತುತ್ತು, ರಾತ್ರಿ ಎಂಟಕ್ಕೆ ಕೊನೆಯ ತುತ್ತು. ಯಾವಾಗ ತಿನ್ನಬೇಕೆಂಬುದನ್ನು ಎಲ್ಲರೂ ಗಡಿಯಾರ ನೋಡಿ ಪಾಲಿಸುತ್ತಾರೆ. ಆ ಎಂಟು ಗಂಟೆಯಲ್ಲಿ ಏನು, ಎಷ್ಟು ಹೊಟ್ಟೆಗೆ ಹೋಯಿತು ಎಂದು ಲೆಕ್ಕ ಹಾಕುವವರು ಕಡಿಮೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

2020ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರವರೆಗೆ ಇಷ್ಟ ಬಂದದ್ದನ್ನು ತಿನ್ನಿ, ಉಳಿದ ಹೊತ್ತು ಏನೂ ಬೇಡ ಎಂದು ಒಂದು ಗುಂಪಿಗೆ ಹೇಳಿದ್ದರು. 12 ವಾರಗಳಾದ ಮೇಲೆ ಅವರ ತೂಕ ಸರಾಸರಿ ಒಂದು ಕೆಜಿಯಷ್ಟು ಇಳಿದಿತ್ತು. ಆದರೆ ಪ್ರಯೋಗಾಲಯಕ್ಕೆ ಕರೆಸಿ ದೇಹದ ಸ್ಕ್ಯಾನ್ ಮಾಡಿದವರಲ್ಲಿ, ಇಳಿದ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಕೊಬ್ಬಾಗಿರಲಿಲ್ಲ. ಸ್ನಾಯು, ನೀರು ಸೇರಿದ ಕೊಬ್ಬಿಲ್ಲದ ಭಾಗವಾಗಿತ್ತು. ಏನು ತಿನ್ನಬೇಕು, ಎಷ್ಟು ಪ್ರೋಟೀನ್ ಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಸ್ವಂತವಾಗಿ ಉಪವಾಸ ಶುರುಮಾಡುವ ಬಹುತೇಕರ ಸ್ಥಿತಿಯೂ ಹಾಗೆಯೇ.

ಲೆಕ್ಕವನ್ನು ಒಬ್ಬರ ತಟ್ಟೆಯಲ್ಲೇ ಹಾಕಿ ನೋಡೋಣ. 60 ಕೆಜಿ ತೂಕದ ಸಸ್ಯಾಹಾರಿ ಮಹಿಳೆ ಎಂದಿಟ್ಟುಕೊಳ್ಳಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಐಸಿಎಂಆರ್ 2020ರಲ್ಲಿ ಕೊಟ್ಟ ಶಿಫಾರಸಿನಂತೆ, ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕೆಜಿಗೆ 0.83 ಗ್ರಾಂ ಪ್ರೋಟೀನ್ ಬೇಕು. ಇವರಿಗೆ ಅದು 50 ಗ್ರಾಂ. ತೂಕ ಇಳಿಸುತ್ತಿರುವವರು ಸ್ನಾಯು ಉಳಿಸಿಕೊಳ್ಳಬೇಕಾದರೆ ಪ್ರತಿ ಕೆಜಿಗೆ 1.2 ಗ್ರಾಂ ಆದರೂ ಇರಲಿ ಎಂದು ಪೋಷಣಾ ತಜ್ಞರು ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿಗೆ ಗುರಿ 72 ಗ್ರಾಂ.

ಈಗ ಅವರು ತಿನ್ನುತ್ತಿರುವುದನ್ನು ನೋಡಿ. ಹನ್ನೆರಡಕ್ಕೆ ಅನ್ನ, ತಿಳಿಸಾರು, ಪಲ್ಯ, ಒಂದು ಲೋಟ ಮಜ್ಜಿಗೆ. 100 ಗ್ರಾಂ ಅಕ್ಕಿಯ ಅನ್ನದಲ್ಲಿ 7 ಗ್ರಾಂ ಪ್ರೋಟೀನ್, ಸಾರಿಗೆ ಬಿದ್ದ ಬೇಳೆಯಿಂದ 3, ಪಲ್ಯ ಮತ್ತು ಮಜ್ಜಿಗೆಯಿಂದ 5. ಒಟ್ಟು 15. ನಾಲ್ಕಕ್ಕೆ ಟೀ, ಬಿಸ್ಕತ್ತು: 4. ರಾತ್ರಿ ಏಳೂವರೆಗೆ ಮೂರು ಚಪಾತಿ, ಪಲ್ಯ, ಉಳಿದ ಸಾರು: 14. ದಿನದ ಮೊತ್ತ 33 ಗ್ರಾಂ, ಕ್ಯಾಲೊರಿ ಸುಮಾರು 1200. ಹೊಟ್ಟೆ ಮಾತ್ರ ತುಂಬಿದೆ, ಹಸಿವಿಲ್ಲ, ಕೊರತೆಯ ಸುಳಿವೂ ಇಲ್ಲ. ಅನ್ನ ಮತ್ತು ನೀರುಸಾರು ಜಾಗ ಹಿಡಿದುಬಿಡುತ್ತವೆ; ಮುಂದಿನ ಊಟಕ್ಕೆ ಹಸಿವಾಗುವ ಹೊತ್ತಿಗೆ ಎಂಟು ಗಂಟೆ ಮುಗಿಯುತ್ತಾ ಬಂದಿರುತ್ತದೆ. ಮೊದಲು ಬೆಳಿಗ್ಗೆ ಇಡ್ಲಿ ಸಾಂಬಾರಿನಿಂದಲೋ ಒಂದು ಲೋಟ ಹಾಲಿನಿಂದಲೋ ಬರುತ್ತಿದ್ದ ಹತ್ತು ಹನ್ನೆರಡು ಗ್ರಾಂ ಕೂಡ ತಿಂಡಿಯ ಜೊತೆಗೇ ಹೋಯಿತು.

ಬೇಳೆಯ ವಿಷಯದಲ್ಲಿ ನಾವು ಮೋಸಹೋಗುವುದು ಹೆಚ್ಚು. "ದಿನಾ ಬೇಳೆ ತಿಂತೀವಲ್ಲ" ಎನ್ನುವ ಮನೆಯಲ್ಲಿ ಒಂದು ಕೆಜಿ ತೊಗರಿಬೇಳೆ ಎಷ್ಟು ದಿನ ಬರುತ್ತದೆ ಎಂದು ಕೇಳಿ. ನಾಲ್ಕು ಜನರ ಮನೆಯಲ್ಲಿ ಹನ್ನೆರಡು ದಿನ ಬಂದರೆ, ತಲೆಗೆ ದಿನಕ್ಕೆ 21 ಗ್ರಾಂ ಬೇಳೆ. ಅದರಲ್ಲಿ ಪ್ರೋಟೀನ್ ಐದು ಗ್ರಾಂ ಕೂಡ ಇಲ್ಲ. ಬಸ್ಸಾರು ಮಾಡಿದ ದಿನ ಬೆಂದ ಕಾಳಿನ ಪಲ್ಯವನ್ನು ಎರಡು ಚಮಚ ಬಡಿಸಿಕೊಂಡು, ಬಸಿದ ಕಟ್ಟಿನ ಸಾರನ್ನು ಮೂರು ಸೌಟು ಹಾಕಿಕೊಳ್ಳುತ್ತೇವೆ. ಪ್ರೋಟೀನಿನ ಬಹುಪಾಲು ಇರುವುದು ಕಾಳಿನಲ್ಲಿ.

ಹಾಗಾದರೆ ಅದೇ ಎಂಟು ಗಂಟೆಯಲ್ಲಿ 72 ಗ್ರಾಂ ಹೊಂದಿಸುವುದು ಹೇಗೆ? ಅಡುಗೆಮನೆಯ ಪದಾರ್ಥಗಳಿಂದಲೇ ಆಗುತ್ತದೆ, ಅಳತೆ ಬದಲಾಗಬೇಕು ಅಷ್ಟೆ. ಹನ್ನೆರಡರ ಊಟದಲ್ಲಿ ಅಕ್ಕಿಯನ್ನು 70 ಗ್ರಾಮಿಗೆ ಇಳಿಸಿ. ತಿಳಿಸಾರಿನ ಬದಲು ತಲೆಗೆ 40 ಗ್ರಾಂ ಬೇಳೆ ಬೀಳುವಂತೆ ಗಟ್ಟಿ ತೊವ್ವೆ ಮಾಡಿ. ಮಜ್ಜಿಗೆಯ ಬದಲು ಒಂದು ಬಟ್ಟಲು, ಅಂದರೆ 200 ಗ್ರಾಂ ಗಟ್ಟಿ ಮೊಸರು. ಪಲ್ಯ ಇದ್ದೇ ಇರುತ್ತದೆ. ಇಷ್ಟಕ್ಕೆ 22 ಗ್ರಾಂ. ತೊವ್ವೆಯನ್ನೂ ಮೊಸರನ್ನೂ ಮೊದಲು ತಿನ್ನಿ, ಅನ್ನ ಕೊನೆಗಿರಲಿ. ಹೊಟ್ಟೆ ತುಂಬಿದ ಮೇಲೆ ಬಿಡುವುದು ಅನ್ನವಾಗಲಿ.

ನಾಲ್ಕು ಗಂಟೆಯ ಟೀ ಬಿಸ್ಕತ್ತಿನ ಹೊತ್ತು ಇಡೀ ದಿನದಲ್ಲಿ ಅತಿ ಹೆಚ್ಚು ವ್ಯರ್ಥವಾಗುವ ಹೊತ್ತು. ಆಗ 40 ಗ್ರಾಂ ಹೆಸರುಕಾಳು ನೆನೆಸಿ ಮೊಳಕೆ ಬರಿಸಿದ ಉಸಲಿ, ಒಂದು ಲೋಟ ಹಾಲು, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ತಿಂದರೆ 23 ಗ್ರಾಂ ಸಿಗುತ್ತದೆ. ರಾತ್ರಿ ಏಳೂವರೆಗೆ ಎರಡು ಚಪಾತಿ, ಒಣ ತೂಕ 30 ಗ್ರಾಂ ಇರುವ ಸೋಯಾ ಚಂಕ್ಸ್ ಹಾಕಿದ ಸಾಗು, ಅರ್ಧ ಬಟ್ಟಲು ಮೊಸರು, ಸ್ವಲ್ಪ ತರಕಾರಿ ಸೇರಿ 27 ಗ್ರಾಂ. ಮೊತ್ತ 72. ಒಗ್ಗರಣೆ, ತುಪ್ಪ ಸೇರಿಸಿ ಕ್ಯಾಲೊರಿ 1650ರ ಹತ್ತಿರ. ಸಾಧಾರಣ ಚಟುವಟಿಕೆಯ ಇಂಥವರಿಗೆ ತೂಕ ನಿಧಾನವಾಗಿ ಇಳಿಯಲು ಇಷ್ಟು ಸಾಕು, ಸುಸ್ತಾಗುವಷ್ಟು ಕಡಿಮೆಯೂ ಅಲ್ಲ. ಮೊಟ್ಟೆ ತಿನ್ನುವವರಿಗೆ ಕೆಲಸ ಇನ್ನೂ ಸುಲಭ: ಒಂದಕ್ಕೆ 6 ಗ್ರಾಂ. ಕರಾವಳಿಯವರಿಗೆ 100 ಗ್ರಾಂ ಬಂಗುಡೆಯಲ್ಲೇ 19 ಗ್ರಾಮಿನಷ್ಟು ಸಿಗುತ್ತದೆ.

ಈ ಅಳತೆಗಳೆಲ್ಲ ಬೇಯಿಸುವ ಮುಂಚಿನವು. ಬೆಂದ ಬೇಳೆಗೆ ಎಷ್ಟು ನೀರು ಹಾಕಿದ್ದೀರಿ ಎಂಬುದರ ಮೇಲೆ ಒಂದು ಬಟ್ಟಲಿನ ಪ್ರೋಟೀನ್ ಬದಲಾಗುವುದರಿಂದ ಬಟ್ಟಲು ಲೆಕ್ಕಕ್ಕೆ ಬರುವುದಿಲ್ಲ. ಒಂದೆರಡು ವಾರ ಅಡುಗೆ ತಕ್ಕಡಿಯಲ್ಲಿ ತೂಗಿದರೆ ಆಮೇಲೆ ಕಣ್ಣಂದಾಜು ಸಾಕು. ಕಾಳು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರ ಖಂಡಿತ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಇಂಗು ಹಾಕಿ ಚೆನ್ನಾಗಿ ಬೇಯಿಸಿ. ಪ್ರಮಾಣವನ್ನು ಎರಡು ಮೂರು ವಾರಗಳಲ್ಲಿ ಏರಿಸಿ.

ಒಂದು ಹೊತ್ತಿಗೆ 30 ಗ್ರಾಮಿಗಿಂತ ಹೆಚ್ಚು ಪ್ರೋಟೀನ್ ತಿಂದರೆ ದೇಹಕ್ಕೆ ಹತ್ತುವುದಿಲ್ಲ ಎಂಬ ಮಾತು ಜಿಮ್ಮುಗಳಲ್ಲಿ ಓಡಾಡುತ್ತಿದೆ. ಅದು ಸರಿಯಲ್ಲ, ಕರುಳು ನಿಧಾನವಾಗಿ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಆದರೂ ಮೂರು ಹೊತ್ತಿಗೆ ಹಂಚುವುದೇ ಒಳ್ಳೆಯದು. ಕಾಳುಬೇಳೆಯಿಂದ 72 ಗ್ರಾಮನ್ನು ಒಂದೇ ಊಟದಲ್ಲಿ ತಿನ್ನಲು ಹೊಟ್ಟೆಯಲ್ಲಿ ಜಾಗವೇ ಸಾಲದು. ದಿನಕ್ಕೆ ಒಂದೇ ಊಟ ಮಾಡುವ ಪದ್ಧತಿಯನ್ನು ಸಸ್ಯಾಹಾರಿಗಳಿಗೆ ನಾನು ಹೇಳದಿರುವುದು ಇದೇ ಕಾರಣಕ್ಕೆ. ಅರವತ್ತು ದಾಟಿದವರಿಗೂ ಅದು ಬೇಡ, ಆ ವಯಸ್ಸಿನಲ್ಲಿ ಕಳೆದ ಸ್ನಾಯು ಸುಲಭವಾಗಿ ವಾಪಸು ಬರುವುದಿಲ್ಲ. ವಾರಕ್ಕೆ ಎರಡು ಮೂರು ಸಲವಾದರೂ ಭಾರ ಎತ್ತುವ, ಬಸ್ಕಿ ಹೊಡೆಯುವ ವ್ಯಾಯಾಮ ಇಲ್ಲದಿದ್ದರೆ ತಿಂದ ಪ್ರೋಟೀನೂ ಸ್ನಾಯು ಉಳಿಸಲು ಪೂರ್ತಿ ನೆರವಾಗದು.

ಲೆಕ್ಕ ತಪ್ಪುತ್ತಿದೆ ಎಂದು ತಿಳಿಯಲು ತೂಕದ ಯಂತ್ರ ಒಂದೇ ಸಾಲದು. ತೂಕ ಇಳಿದರೂ ಸೊಂಟದ ಸುತ್ತಳತೆ ಹಾಗೇ ಇದ್ದರೆ, ಕೈ ಊರದೆ ಕುರ್ಚಿಯಿಂದ ಏಳುವುದು ಕಷ್ಟವಾದರೆ, ಎತ್ತುತ್ತಿದ್ದ ಬಿಂದಿಗೆ ಭಾರವೆನಿಸಿದರೆ ಸ್ನಾಯು ಕರಗುತ್ತಿರಬಹುದು. ಉಪವಾಸ ಶುರುವಾದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುವುದೂ ಕ್ಯಾಲೊರಿ, ಪ್ರೋಟೀನ್ ಸಾಲದಿರುವುದರ ಸೂಚನೆಯಾಗಿರಬಹುದು. ಆಗ ಗಡಿಯಾರಕ್ಕೆ ಅಂಟಿಕೊಳ್ಳಬೇಡಿ. ಎಂಟು ಗಂಟೆಯನ್ನು ಹತ್ತು ಗಂಟೆಗೆ ಹಿಗ್ಗಿಸಿ, ಬೆಳಿಗ್ಗೆ ಹತ್ತಕ್ಕೆ ಒಂದು ಪೆಸರಟ್ಟೋ ಮೊಟ್ಟೆಯೋ ಸೇರಿಸಿಕೊಳ್ಳಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳಿಗೆ ಹದಿನಾರು ಗಂಟೆಯ ಉಪವಾಸದಲ್ಲಿ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮೇಲೆ ಹೇಳಿದ ಪ್ರೋಟೀನ್ ಪ್ರಮಾಣವೇ ಹೆಚ್ಚಾಗಬಹುದು. ಇವರು ವೈದ್ಯರನ್ನು ಕೇಳದೆ ಶುರುಮಾಡಬಾರದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಈಗಾಗಲೇ ತೂಕ ಕಡಿಮೆ ಇರುವವರು ಈ ಉಪವಾಸ ಮಾಡಲೇಬಾರದು. ಉಳಿದವರು ನಾಳೆ ತಿಂಡಿ ಬಿಡುವ ಮುಂಚೆ ಇಂದು ತಿಂದದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ಪ್ರೋಟೀನ್ ಎಷ್ಟು ಗ್ರಾಂ ಆಯಿತೆಂದು ಕೂಡಿ ನೋಡಿ.