ಅರಿವೆಯ ಬಣ್ಣವೂ ಅಂಗಡಿಯ ಬೆಳಕೂ

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳು ೧೯೯೭ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು, ಆಮೇಲೆ ಹಾವೇರಿ ಜಿಲ್ಲೆಗೆ ಸೇರಿದುವು. ಸುತ್ತಲಿನ ಹಳ್ಳಿಗಳ ಜನರು ಮದುವೆಯ ಜವಳಿಗೂ ಉಡಿ ತುಂಬುವ ಖಣಕ್ಕೂ ಈ ತಾಲೂಕು ಪಟ್ಟಣಗಳ ಅಂಗಡಿಗಳಿಗೆ ಬರುತ್ತಾರೆ. ಮುಂಜಾನೆಯ ಕೆಲಸ ಮುಗಿಸಿ ಬಸ್ಸು ಹತ್ತಿ ಬಂದವರು ಅಂಗಡಿಯ ಮೆಟ್ಟಿಲು ಏರುವಾಗ ಸಂಜೆಯಾಗಿರುವುದೂ ಉಂಟು. ಒಳಗೆ ದೀಪಗಳು ಉರಿಯುತ್ತಿರುತ್ತವೆ. ಸೀರೆಗೆ ಸರಿಹೊಂದುವ ಕುಪ್ಪಸದ ತುಂಡನ್ನು ಥಾನಿನಿಂದ ಅಳೆದು ಹರಿಯುತ್ತಾರೆ. ಹರಿದ ಅರಿವೆಯನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮರುದಿನ ಅಂಗಳದಲ್ಲಿ ಸೀರೆಯ ಮೇಲೆ ಕುಪ್ಪಸವನ್ನಿಟ್ಟಾಗ ಎರಡೂ ಬೇರೆ ಬೇರೆ ಬಣ್ಣವಾಗಿ ಕಂಡರೆ, ಅಂಗಡಿಯವನು ಮೋಸಮಾಡಿದನೆಂಬ ಮಾತು ಹುಟ್ಟುತ್ತದೆ. ಬಹುಮಟ್ಟಿಗೆ ಅಲ್ಲಿ ಮೋಸವೇನೂ ಇರುವುದಿಲ್ಲ. ಇರುವುದು ಬೆಳಕಿನ ವ್ಯತ್ಯಾಸ. ಅದು ಹೇಗೆ ಉಂಟಾಗುತ್ತದೆ, ಕೊಳ್ಳುವ ಮೊದಲೇ ಅದನ್ನು ಕಂಡುಕೊಳ್ಳುವ ಬಗೆ ಯಾವುದು, ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ಬಣ್ಣವು ಅರಿವೆಯೊಂದರಲ್ಲಿಯೇ ಅಡಗಿರುವ ಗುಣವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ನಿಜವಾಗಿ ಅದು ಬೆಳಕು, ಅರಿವೆ, ಕಣ್ಣು ಈ ಮೂರೂ ಕೂಡಿದಾಗ ಉಂಟಾಗುವ ಅನುಭವ. ದೀಪದಿಂದ ಬಿದ್ದ ಬೆಳಕಿನಲ್ಲಿ ಕೆಲವು ಅಂಶಗಳನ್ನು ಅರಿವೆಗೆ ಹಾಕಿದ ಬಣ್ಣವು ಹೀರುತ್ತದೆ, ಉಳಿದುದನ್ನು ಹಿಂದಿರುಗಿಸುತ್ತದೆ. ಕಣ್ಣು ಹೀಗೆ ಬಂದುದನ್ನು ಒಂದೊಂದು ತರಂಗಾಂತರವಾಗಿ ಬಿಡಿಸಿ ನೋಡಲಾರದು. ಅದರಲ್ಲಿ ಬಣ್ಣವನ್ನು ಗ್ರಹಿಸುವ ಮೂರು ಬಗೆಯ ಕೋಶಗಳಿವೆ. ಆ ಮೂರರ ಲೆಕ್ಕ ಒಂದೇ ಆದರೆ, ಎರಡು ಅರಿವೆಗಳು ಒಂದೇ ಬಣ್ಣವೆಂದು ಕಣ್ಣು ತೀರ್ಪು ಕೊಡುತ್ತದೆ. ಒಳಗಿನ ಕೂಡಿಕೆ ಬೇರೆಯಾಗಿದ್ದರೂ ಮೊತ್ತ ಒಂದೇ ಆಗಬಹುದಷ್ಟೆ. ಬೆಳಕು ಬದಲಾದಾಗ ಆ ಮೊತ್ತಗಳು ಬೇರೆ ಬೇರೆಯಾಗಿ ಬದಲಾಗುತ್ತವೆ, ಜೋಡಿ ಒಡೆಯುತ್ತದೆ. ಬಣ್ಣಗಾರರು ಇದನ್ನು ಮೆಟಾಮೆರಿಸಮ್ ಎಂದು ಕರೆಯುತ್ತಾರೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ನವಿಲುಹಸುರು ಮೈಯ, ಕೆಂಪು ಸೆರಗಿನ ಇಳಕಲ್ಲ ಸೀರೆಯೊಂದಿದೆ. ಮೈಯ ನೂಲು ಹತ್ತಿಯದು. ಅದಕ್ಕೆ ಪಾಲಿಯೆಸ್ಟರ್ ಕುಪ್ಪಸದ ತುಂಡೊಂದನ್ನು ಹೊಂದಿಸಬೇಕಾಗಿದೆ. ಹತ್ತಿಗೆ ಹಿಡಿಯುವ ಬಣ್ಣ ಪಾಲಿಯೆಸ್ಟರಿಗೆ ಹಿಡಿಯದು. ಹತ್ತಿಗೆ ರಿಯಾಕ್ಟಿವ್ ಅಥವಾ ವ್ಯಾಟ್ ವರ್ಗದ ಬಣ್ಣಗಳನ್ನೂ, ರೇಷ್ಮೆಗೆ ಹೆಚ್ಚಾಗಿ ಆಸಿಡ್ ವರ್ಗದವನ್ನೂ, ಪಾಲಿಯೆಸ್ಟರಿಗೆ ಡಿಸ್ಪರ್ಸ್ ವರ್ಗದವನ್ನೂ ಬಳಸುತ್ತಾರೆ. ಹೀಗಿರಲು ಎರಡು ಹಸುರುಗಳು ಒಂದೇ ದ್ರವ್ಯದಿಂದ ಬಂದವಲ್ಲ ಎಂಬುದು ಮೊದಲೇ ನಿಶ್ಚಿತವಾಯಿತು.

ಈಗ ಇವೆರಡೂ ಹಸುರು ಭಾಗದ ಬೆಳಕನ್ನು ಸಮನಾಗಿ ಹಿಂದಿರುಗಿಸುತ್ತವೆಂದೂ, ಕಡುಗೆಂಪಿನ ಭಾಗದಲ್ಲಿ, ಎಂದರೆ ಸುಮಾರು ೬೬೦ ನ್ಯಾನೋಮೀಟರಿನ ಹತ್ತಿರ, ಸೀರೆಯು ನೂರರಲ್ಲಿ ೧೦ ಪಾಲನ್ನೂ ಕುಪ್ಪಸದ ತುಂಡು ೪೦ ಪಾಲನ್ನೂ ಹಿಂದಿರುಗಿಸುತ್ತವೆಂದೂ ಇಟ್ಟುಕೊಳ್ಳೋಣ. ಅಂಗಡಿಯಲ್ಲಿರುವುದು ಬಿಳಿಯ ಎಲ್‌ಇಡಿ ದೀಪ. ಈ ದೀಪದೊಳಗೆ ನೀಲಿ ಬೆಳಕನ್ನು ಕೊಡುವ ಒಂದು ಸಣ್ಣ ಹರಳಿದೆ. ಅದರ ಶಿಖರ ಸುಮಾರು ೪೫೦ ನ್ಯಾನೋಮೀಟರಿನಲ್ಲಿ. ಆ ನೀಲಿಯ ಒಂದಂಶವನ್ನು ಹಳದಿಯ ಲೇಪವು ಹಸುರು, ಹಳದಿ, ಕೇಸರಿಗಳಾಗಿ ಮಾರ್ಪಡಿಸುತ್ತದೆ. ಕಡುಗೆಂಪಿನ ಕಡೆಗೆ ಹೋದಂತೆ ಅದರ ಬಲ ಇಳಿದುಹೋಗುತ್ತದೆ. ದೀಪವೇ ಕೊಡದ ಕೆಂಪನ್ನು ಅರಿವೆಯು ಹಿಂದಿರುಗಿಸುವುದು ಹೇಗೆ? ಆದುದರಿಂದ ಎರಡು ತುಂಡುಗಳ ನಡುವಣ ಆ ೩೦ ಪಾಲಿನ ಅಂತರ ಅಂಗಡಿಯಲ್ಲಿ ಬಹುಮಟ್ಟಿಗೆ ಅಡಗಿಬಿಡುತ್ತದೆ. ಹೊರಗೆ ಆಕಾಶದ ಬೆಳಕಿಗೆ ತಂದಾಗ ಕೆಂಪು ಸಾಕಷ್ಟು ದೊರೆಯುವುದರಿಂದ ಕುಪ್ಪಸದ ಹಸುರು ಕೊಂಚ ಕಂದಿ, ಒಣಗಿದ ಎಲೆಯ ಕಡೆಗೆ ವಾಲುತ್ತದೆ. ಸೀರೆ ಹಾಗೆಯೇ ಉಳಿಯುತ್ತದೆ. ಕೆಂಪು ಹೇರಳವಾಗಿರುವ ಹಳೆಯ ತಂತಿಯ ಬಲ್ಬಿನ ಕೆಳಗಾದರೆ ಅಂತರ ಇನ್ನೂ ಎದ್ದುಕಾಣುತ್ತದೆ. ಮೇಲಿನ ಅಂಕಿಗಳು ವಿವರಣೆಗಾಗಿ ಕಲ್ಪಿಸಿದವು. ಆದರೆ ನಡೆಯುವ ಕ್ರಮ ಇದೇ.

ದೀಪದ ಪೆಟ್ಟಿಗೆಯ ಮೇಲೆ ‘ಹಗಲ ಬೆಳಕು’ ಎಂಬರ್ಥದ ಹೆಸರೂ ೬೫೦೦ ಎಂಬ ಸಂಖ್ಯೆಯೂ ಅಚ್ಚಾಗಿರುವುದನ್ನು ವಾಚಕರು ನೋಡಿರಬಹುದು. ಆ ಸಂಖ್ಯೆ ಬೆಳಕಿನ ಬಿಳುಪು ನೀಲಿಯ ಕಡೆಗೋ ಹಳದಿಯ ಕಡೆಗೋ ಎಂಬುದನ್ನು ಮಾತ್ರ ಸೂಚಿಸುತ್ತದೆ. ಒಳಗಿನ ಕೂಡಿಕೆ ಹಗಲಿನಂತೆ ಇದೆಯೆಂಬುದಕ್ಕೆ ಅದು ಪ್ರಮಾಣವಲ್ಲ. ಬಣ್ಣ ತೋರಿಸುವ ಶಕ್ತಿಗೆ ಬೇರೊಂದು ಸೂಚ್ಯಂಕವಿದೆ. ೮೦ ಎಂಬುದು ಸಾಮಾನ್ಯ ದೀಪಗಳಲ್ಲಿ ಕಾಣುವ ಅಂಕಿ. ಅದನ್ನು ಎಂಟು ತಿಳಿಬಣ್ಣಗಳ ಸರಾಸರಿಯಿಂದ ತೆಗೆಯುತ್ತಾರೆ. ಗಾಢವಾದ ಕೆಂಪು ಒಂಬತ್ತನೆಯದು, ಅದು ಸರಾಸರಿಯಲ್ಲಿ ಸೇರುವುದೇ ಇಲ್ಲ. ೮೦ ಅಂಕ ಪಡೆದ ದೀಪವು ಈ ಒಂಬತ್ತನೆಯದರಲ್ಲಿ ತೀರ ಕೆಳಗಿರಬಹುದು. ಇಳಕಲ್ಲ ಸೆರಗಿನ ಕೆಂಪು ಇದೇ ಗಾಢವಾದ ಕೆಂಪಲ್ಲವೆ? ಸೆರಗಿಗೆ ಹೊಂದುವ ಕೆಂಪು ಕುಪ್ಪಸವನ್ನು ಹುಡುಕುವವರು ಇದನ್ನು ನೆನಪಿನಲ್ಲಿಡತಕ್ಕುದು.

ಇತಿಹಾಸದ ದೃಷ್ಟಿಯಿಂದ ಇಲ್ಲಿ ಒಂದು ಮಾತನ್ನು ಸೇರಿಸುವುದು ಅಪ್ರಸ್ತುತವಾಗಲಾರದು. ಬಣ್ಣದ ಈ ತೊಡಕು ಹಿಂದೆ ಇಷ್ಟು ದೊಡ್ಡದಾಗಿರಲಿಲ್ಲವೆಂದು ನಮ್ಮ ಅಭಿಪ್ರಾಯ. ನೀಲಿಗೆ ನೀಲಿಗಿಡ, ಕೆಂಪಿಗೆ ಮಂಜಿಷ್ಠೆಯಂಥ ಬೇರುಗಳು, ಅರಗು, ಹೀಗೆ ಒಂದೊಂದು ಬಣ್ಣಕ್ಕೆ ಕೆಲವೇ ಮೂಲಗಳಿದ್ದ ಕಾಲದಲ್ಲಿ, ಒಂದೇ ಮೂಲದಿಂದ ಬಂದ ಎರಡು ನೀಲಿಗಳು ಒಂದು ಬೆಳಕಿನಲ್ಲಿ ಕೂಡಿದರೆ ಮತ್ತೊಂದರಲ್ಲಿಯೂ ಹೆಚ್ಚುಕಡಿಮೆ ಕೂಡಿಯೇ ಇರುತ್ತಿದ್ದುವು. ೧೮೫೬ರಲ್ಲಿ ಪರ್ಕಿನ್ ಎಂಬ ಇಂಗ್ಲಿಷ್ ತರುಣನು ಕಲ್ಲಿದ್ದಲಿನ ಡಾಂಬರಿನ ಪದಾರ್ಥದಿಂದ ನೇರಿಳೆ ಬಣ್ಣವನ್ನು ಪಡೆದನು. ೧೮೯೭ರಲ್ಲಿ ಜರ್ಮನಿಯ ಕಾರಖಾನೆಯ ನೀಲಿ ಮಾರುಕಟ್ಟೆಗೆ ಬಂದಿತು. ಆಮೇಲೆ ಕಣ್ಣಿಗೆ ಒಂದೇ ಆಗಿ ತೋರುವ ಬಣ್ಣವನ್ನು ಹತ್ತು ದಾರಿಗಳಿಂದ ಮಾಡುವುದು ಸಾಧ್ಯವಾಯಿತು. ಹೊಸ ನೂಲುಗಳೂ ಹೊಸ ದೀಪಗಳೂ ಅದರ ಬೆನ್ನಿಗೇ ಬಂದುವು. ಗುಳೇದಗುಡ್ಡದ ಖಣವು ಹಾಸಿನಲ್ಲಿ ರೇಷ್ಮೆ, ಹೊಕ್ಕಿನಲ್ಲಿ ಹತ್ತಿ ಇರುವ ನೇಯ್ಗೆಯಾಗಿ ಹೆಸರಾದುದು. ಇಂದು ಅದೇ ಬುಟ್ಟಾ, ಅದೇ ಅಂಚು ಇರುವ ಪಾಲಿಯೆಸ್ಟರ್ ಅರಿವೆಯೂ ಅದರ ಪಕ್ಕದಲ್ಲಿಯೇ ಮಾರಾಟಕ್ಕಿದೆ.

ಇನ್ನು ಪರೀಕ್ಷಿಸುವ ಕ್ರಮ. ಸೀರೆಯನ್ನೇ ಜೊತೆಗೆ ಒಯ್ಯಬೇಕು; ನೆನಪಿನ ಬಣ್ಣವನ್ನೂ ಮೊಬೈಲಿನ ಚಿತ್ರವನ್ನೂ ನಂಬತಕ್ಕುದಲ್ಲ. ಮೊಬೈಲಿನ ಕ್ಯಾಮರಾ ತಾನಿರುವ ಬೆಳಕನ್ನು ತಾನೇ ತಿದ್ದಿಕೊಂಡು ಚಿತ್ರ ತೆಗೆಯುತ್ತದೆ. ಅದರ ಟಾರ್ಚಿನ ಬೆಳಕೂ ಅಂಗಡಿಯ ದೀಪದ ಜಾತಿಯದೇ ಆದುದರಿಂದ ಅದರಿಂದ ಹೊಸ ಸಾಕ್ಷ್ಯವೇನೂ ದೊರೆಯದು. ಥಾನನ್ನು ಹರಿಯುವ ಮೊದಲು ಅಂಗಡಿಯ ಬಾಗಿಲಿಗೆ ತಂದು, ಬಿಸಿಲು ನೇರವಾಗಿ ಬೀಳದ, ಆದರೆ ಆಕಾಶ ತೆರೆದು ಕಾಣುವ ನೆರಳಿನಲ್ಲಿ ನೋಡಬೇಕು. ಬಡಗಣ ದಿಕ್ಕಿನ ಬಾಗಿಲಾದರೆ ಬಹಳ ಒಳ್ಳೆಯದು. ಮುಂಜಾನೆ ಹತ್ತರಿಂದ ಮಧ್ಯಾಹ್ನ ಮೂರರವರೆಗಿನ ಹೊತ್ತು ಪ್ರಶಸ್ತ. ಹೊತ್ತು ಮುಳುಗುವಾಗಿನ ಬೆಳಕು ಕೆಂಪಿಗೆ ತಿರುಗಿರುತ್ತದೆ. ಮಳೆಗಾಲದಲ್ಲಿ ಹಾನಗಲ್ಲಿನ ಕಡೆ ದಿನಗಟ್ಟಲೆ ಮೋಡ ಕವಿದಿದ್ದರೂ ಅಂಜಬೇಕಾದುದಿಲ್ಲ. ಮೋಡದ ಬೆಳಕು ಮಂದವಾದರೂ ಎಲ್ಲ ಕಡೆಯಿಂದಲೂ ಸಮನಾಗಿ ಬೀಳುವುದರಿಂದ ಹೋಲಿಕೆಗೆ ಅನುಕೂಲವೇ ಆಗಿದೆ.

ಸಂತೆಯ ಅಂಗಡಿಗಳಲ್ಲಿ ಮಾತ್ರ ಬೇರೊಂದು ಎಚ್ಚರ ಬೇಕು. ಅಲ್ಲಿ ಇರುವುದು ಹಗಲ ಬೆಳಕೇ, ದೀಪವಲ್ಲ; ಆದರೆ ಅದು ನೀಲಿಯ ಅಥವಾ ಹಳದಿಯ ಪ್ಲಾಸ್ಟಿಕ್ ತಾಡಪತ್ರಿಯನ್ನು ಹಾಯ್ದು ಬರುತ್ತದೆ. ನೀಲಿ ತಾಡಪತ್ರಿಯ ಕೆಳಗೆ ಕುಂಕುಮದ ಕೆಂಪು ಮಂಕಾಗಿ ಕಪ್ಪಿಗೆ ತಿರುಗುತ್ತದೆ, ಹಳದಿಯದರ ಕೆಳಗೆ ತಿಳಿಹಳದಿಗೂ ಬಿಳಿಗೂ ಭೇದ ತಿಳಿಯದು. ಎರಡು ಹೆಜ್ಜೆ ಹೊರಗೆ ಬಂದರೆ ಸಾಕು.

ಎರಡು ತುಂಡುಗಳನ್ನು ನಡುವೆ ಸಂದಿಲ್ಲದಂತೆ ಒಂದರ ಮೇಲೊಂದು ಅಂಚು ಬರುವಂತೆ ಇಟ್ಟು, ಒಂದೇ ಕೋನದಿಂದ ನೋಡಿ, ಆಮೇಲೆ ಸ್ಥಳ ಬದಲಿಸಿ ಮತ್ತೆ ನೋಡಬೇಕು. ಮಡಿಕೆಯಲ್ಲಿರುವ ಥಾನು ಒಂದೇ ಪದರಿಗಿಂತ ಗಾಢವಾಗಿ ತೋರುವುದರಿಂದ ಎರಡನ್ನೂ ಒಂದೇ ಸಂಖ್ಯೆಯ ಪದರುಗಳಲ್ಲಿ ಇಡಬೇಕು. ಹಾಸಿಗೆ ಒಂದು, ಹೊಕ್ಕಿಗೆ ಇನ್ನೊಂದು ಬಣ್ಣವಿರುವ ಖಣವನ್ನು ಕಾಲುಸುತ್ತು ತಿರುಗಿಸಿಯೂ ನೋಡತಕ್ಕುದು. ಅಲ್ಲಿ ಬದಲಾವಣೆ ಕಂಡರೆ ಅದಕ್ಕೆ ಕಾರಣ ನೇಯ್ಗೆ, ಬೆಳಕಲ್ಲ. ಕೆಳಗೆ ಹಾಸಿದ ಅರಿವೆ ಬಿಳಿಯದೋ ಬೂದಿಬಣ್ಣದ್ದೋ ಆಗಿರಲಿ. ನಮ್ಮ ಜವಳಿ ಅಂಗಡಿಗಳ ಬಿಳಿಯ ಗಾದಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ನೆರೆಯ ಬಣ್ಣ ಕಣ್ಣನ್ನು ಹೇಗೆ ದಾರಿ ತಪ್ಪಿಸುತ್ತದೆಂಬುದನ್ನು ಮೊದಲು ಕ್ರಮವಾಗಿ ವಿವರಿಸಿದವನು ಫ್ರಾನ್ಸಿನ ಶೆವ್ರೆಲ್. ೧೮೨೪ರಲ್ಲಿ ಪ್ಯಾರಿಸಿನ ಗೊಬೆಲಿನ್ ನೇಯ್ಗೆಶಾಲೆಯ ಬಣ್ಣಗಾರಿಕೆಯ ಮುಖ್ಯಸ್ಥನಾದ ಈತನಿಗೆ, ಅಲ್ಲಿಯ ಕಪ್ಪು ನೂಲಿನಲ್ಲಿ ಕಸುವಿಲ್ಲವೆಂಬ ದೂರು ಬಂದಿತು. ಪರೀಕ್ಷಿಸಿದಾಗ ಕಪ್ಪಿನಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣಗಳು ಅದನ್ನು ಸಪ್ಪೆಯಾಗಿಸುತ್ತಿದ್ದುವು. ತನ್ನ ಗ್ರಂಥವನ್ನು ಆತನು ೧೮೩೯ರಲ್ಲಿ ಪ್ರಕಟಿಸಿದನು. ಹತ್ತು ಕೆಂಪು ಸೀರೆಗಳನ್ನು ನೋಡಿದೊಡನೆ ಹಸುರನ್ನು ನೋಡಿದರೆ ಅದು ಇದ್ದುದಕ್ಕಿಂತ ಹೆಚ್ಚು ಹಸುರಾಗಿ ಕಾಣುವುದೂ ಇದಕ್ಕೆ ಹತ್ತಿರದ ಸಂಗತಿಯೇ. ಬಿಳಿಯ ಗಾದಿಯ ಮೇಲೆ ಕಣ್ಣನ್ನು ಅರೆನಿಮಿಷ ನಿಲ್ಲಿಸಿ ಆಮೇಲೆ ನೋಡುವುದು ಮೇಲು.

ಜುಬ್ಬದ ಅರಿವೆಯಲ್ಲಿ ಕಠಿಣವಾದುದು ಬಿಳಿಯ ಆಯ್ಕೆ. ಇದು ಕೆಲವರಿಗೆ ಸೋಜಿಗವೆನಿಸೀತು. ಗಿರಣಿಯ ಬಿಳಿ ಅರಿವೆಗೆ ಹೊಳಪು ಕೊಡುವ ಒಂದು ದ್ರವ್ಯವನ್ನು ಸೇರಿಸುತ್ತಾರೆ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳನ್ನು ಅದು ಹೀರಿ ನೀಲಿ ಬೆಳಕಾಗಿ ಹೊರಚೆಲ್ಲುತ್ತದೆ. ಎಲ್‌ಇಡಿ ದೀಪದಲ್ಲಿ ಆ ಕಿರಣಗಳು ಇಲ್ಲವೆಂದೇ ಹೇಳಬಹುದು. ಆದಕಾರಣ ಹೊಳಪು ಹಾಕಿದ ಬಿಳಿಗೂ ಹಾಕದ ಖಾದಿಯ ಬಿಳಿಗೂ ಅಂಗಡಿಯಲ್ಲಿ ಅಂತರ ಕಿರಿದು, ಅಂಗಳದಲ್ಲಿ ಹಿರಿದು. ಧೋತರಕ್ಕೆ ಹೊಂದುವ ಜುಬ್ಬದ ಎರಡೂವರೆ ಮೀಟರನ್ನು ಕೊಳ್ಳುವವರು ಎರಡನ್ನೂ ಹೊರಗೆ ನೋಡಿಯೇ ನಿರ್ಧರಿಸಬೇಕು. ಸಾಬೂನಿನ ಪುಡಿಗಳಲ್ಲಿಯೂ ಇಂಥ ದ್ರವ್ಯವಿರುವುದರಿಂದ ಹಳೆಯ ಧೋತರವು ಹೊಸ ಅರಿವೆಗಿಂತ ಹೆಚ್ಚು ನೀಲಿಯಾಗಿ ಹೊಳೆಯುವುದೂ ಉಂಟು.

ಹಗಲ ಬೆಳಕಿನಲ್ಲಿ ಕೂಡಿದ ಜೋಡಿ ಎಲ್ಲೆಡೆಯೂ ಕೂಡಿಯೇ ಇರುವುದೆಂದು ಇದರಿಂದ ತಿಳಿಯಬಾರದು. ರಾತ್ರಿಯ ಆರತಕ್ಷತೆಗಾಗಿ ಕೊಳ್ಳುವ ಕುಪ್ಪಸವು ಅಲ್ಲಿಯ ಹಳದಿ ದೀಪಗಳ ಕೆಳಗೆ ಹೊಂದಬೇಕೇ ಹೊರತು ಅಂಗಳದಲ್ಲಲ್ಲ. ಆದುದರಿಂದ ಬಾಗಿಲಲ್ಲೊಮ್ಮೆ, ಅಂಗಡಿಯ ಬಿಳಿ ದೀಪದ ಕೆಳಗೊಮ್ಮೆ, ದೊರೆತರೆ ಹಳದಿ ಬಲ್ಬಿನ ಕೆಳಗೊಮ್ಮೆ, ಹೀಗೆ ಮೂರು ಕಡೆ ನೋಡಿ, ಮೂರರಲ್ಲಿಯೂ ಕೂಡಿದ ತುಂಡನ್ನು ಹರಿಸುವುದು ಕ್ಷೇಮ. ಸೀರೆಯ ನೂಲಿನ ಜಾತಿಯದೇ ಆದ ತುಂಡಿನಲ್ಲಿ ಹೀಗೆ ಕೂಡುವ ಸಂಭವ ಹೆಚ್ಚು. ಅಂಥದು ದೊರೆಯದಿದ್ದಲ್ಲಿ ಮೈಯ ಹಸುರಿಗೆ ಹಸುರನ್ನೇ ಹೊಂದಿಸುವ ಹಟವನ್ನು ಬಿಟ್ಟು, ಮೈಬಣ್ಣಕ್ಕೆ ಎದುರಾದ ಬೇರೊಂದು ಬಣ್ಣದ ಖಣವನ್ನು ಆರಿಸಬಹುದು. ಅಲ್ಲಿ ಬೆಳಕಿನೊಡನೆ ಬಣ್ಣ ತುಸು ಜರುಗಿದರೂ ಅದನ್ನು ಯಾರ ಕಣ್ಣೂ ಗುರುತಿಸಲಾರದು.