ಸ್ಟೇಟಸ್‌ ಮೊದಲು ನೋಡಿದರೆ ಪ್ರೀತಿಯೇ? ಕ್ರಶ್‌ ಸಿಗ್ನಲ್‌ಗಳ ಅಸಲಿಯತ್ತು

‘ನಿಮ್ಮ ಸ್ಟೇಟಸ್‌ ಮೊದಲು ನೋಡುತ್ತಾಳಾ? ರಾತ್ರಿ ಗುಡ್‌ನೈಟ್‌ ಹೇಳುತ್ತಾಳಾ? ಹಾಗಾದರೆ ಅದು ಪ್ರೀತಿಯೇ!’ ಇಂಥ ಫಾರ್ವರ್ಡ್‌ ನಿಮಗೂ ಬಂದಿರಬಹುದು. ಇದರಲ್ಲಿ ಎಷ್ಟು ನಿಜ? ಒಂದು ಉದಾಹರಣೆಯ ಮೂಲಕ ನೋಡೋಣ.

ಚಿತ್ರದುರ್ಗದ ಒಂದು ಕಾಲೇಜು ಅಂದುಕೊಳ್ಳಿ. ಹುಡುಗ ಹಿರಿಯೂರಿನಿಂದ ಬಸ್ಸಿನಲ್ಲಿ ಬರುತ್ತಾನೆ, ಹುಡುಗಿ ಹೊಳಲ್ಕೆರೆಯಿಂದ. ಆಕೆ ನೋಟ್ಸ್‌ ಕೇಳುತ್ತಾಳೆ, ನಗುತ್ತಾಳೆ, ಅವನ ಸ್ಟೇಟಸ್‌ ಎಲ್ಲರಿಗಿಂತ ಮೊದಲು ನೋಡುತ್ತಾಳೆ. ಆದರೆ ಕೆಲವೊಮ್ಮೆ ಎರಡು ದಿನ ರಿಪ್ಲೈ ಇರುವುದಿಲ್ಲ. ಅವನಿಗೆ ಗೊಂದಲ.

ಸಿಗ್ನಲ್‌ ಏನನ್ನು ಹೇಳುವುದಿಲ್ಲ?

ವಾಟ್ಸಾಪ್‌ನಲ್ಲಿ ಒಬ್ಬರ ಸ್ಟೇಟಸ್‌ ಮುಗಿದರೆ ಮುಂದಿನವರದ್ದು ತಾನಾಗಿಯೇ ಶುರುವಾಗುತ್ತದೆ. ಹಾಗಾಗಿ ‘ನೋಡಿದ್ದಾಳೆ’ ಎಂದರೆ ಹುಡುಕಿಕೊಂಡು ಬಂದಿದ್ದಾಳೆ ಎಂದರ್ಥವಲ್ಲ. ನೀಲಿ ಟಿಕ್‌ ಬಾರದಿದ್ದರೆ ಓದಿಲ್ಲ ಎಂದೂ ಅಲ್ಲ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್‌ ಮಾಡಿಟ್ಟಿರಬಹುದು.

ನಗುವಿನ ವಿಷಯಕ್ಕೆ ಬಂದರೆ, 1982ರಲ್ಲಿ ಅಮೆರಿಕದ ಸಂಶೋಧಕಿ ಆಂಟೋನಿಯಾ ಆ್ಯಬಿ ಒಂದು ಅಧ್ಯಯನ ಪ್ರಕಟಿಸಿದರು. ಅಪರಿಚಿತ ಹುಡುಗ, ಹುಡುಗಿ ಐದು ನಿಮಿಷ ಮಾತಾಡಿದರು. ಇನ್ನಿಬ್ಬರು ಮರೆಯಿಂದ ಗಮನಿಸಿದರು. ಹುಡುಗಿ ತೋರಿಸಿದ ಸ್ನೇಹವನ್ನು ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳು ಹೆಚ್ಚಾಗಿ ‘ಆಕರ್ಷಣೆ’ ಎಂದು ಓದಿಕೊಂಡರು. ಅಂದರೆ ಬರೀ ನೋಡಿ ಊಹಿಸಿದರೆ ತಪ್ಪುವ ಸಾಧ್ಯತೆ ಸಾಕಷ್ಟಿದೆ. ದಾರಿ ಒಂದೇ: ಕೇಳುವುದು.

ಕೇಳುವುದು ಹೇಗೆ?

ಇಲ್ಲಿ ಎರಡು ತಪ್ಪುಗಳಾಗುತ್ತವೆ. ಮೊದಲನೆಯದು, ತಮಾಷೆಯ ಮರೆಯಲ್ಲಿ ಅಡಗಿಕೊಳ್ಳುವುದು. ‘ಏನಮ್ಮ, ನನ್ನ ಮೇಲೆ ಲವ್ವಾ?’ ಎಂದು ಒಂದು ಇಮೋಜಿ ಹಾಕಿದರೆ ಆಕೆಗೆ ಅದು ಪ್ರಶ್ನೆಯೋ ಕೀಟಲೆಯೋ ತಿಳಿಯದು. ಬರಹದಲ್ಲಿ ದನಿ ಕೇಳಿಸುವುದಿಲ್ಲ. ಇಮೇಲ್‌ ಮೇಲೆ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ಬರೆದವರು ಅಂದುಕೊಂಡಷ್ಟು ಮಟ್ಟಿಗೆ ಓದುಗರು ವ್ಯಂಗ್ಯವನ್ನು ಗುರುತಿಸಲಿಲ್ಲ.

ಎರಡನೆಯದು, ‘ಇಲ್ಲ’ ಎನ್ನಲು ಜಾಗವೇ ಕೊಡದಿರುವುದು. ಗೆಳೆಯರ ಗುಂಪಿನೆದುರು ಕೇಳುವುದು, ಆಕೆ ಇಳಿದುಹೋಗಲಾಗದ ಬಸ್ಸಿನಲ್ಲಿ ಕೇಳುವುದು, ‘ಈಗಲೇ ಹೇಳು’ ಎನ್ನುವುದು ಎಲ್ಲವೂ ಒತ್ತಡವೇ. ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳಲ್ಲಿ ಬಸ್‌ ಸ್ಟ್ಯಾಂಡಿನ ಮಾತು ಸಂಜೆಯೊಳಗೆ ಮನೆ ತಲುಪುತ್ತದೆ ಎಂಬ ಭಯ ಬೇರೆ. 2019ರಲ್ಲಿ ವೆನೆಸಾ ಬಾನ್ಸ್‌ ಮತ್ತು ಲಾರೆನ್‌ ಡಿವಿನ್ಸೆಂಟ್‌ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ಬೇಡ ಎನ್ನುವುದು ಎದುರಿನವರಿಗೆ ಎಷ್ಟು ಕಷ್ಟ ಎಂಬುದು ಕೇಳುವವರಿಗೆ ಸರಿಯಾಗಿ ಅಂದಾಜಾಗುವುದಿಲ್ಲ.

ಹಾಗಾದರೆ ನಮ್ಮ ಹಿರಿಯೂರಿನ ಹುಡುಗ ಹೀಗೆ ಬರೆಯಬಹುದು:

‘ಒಂದು ಮಾರ್ಕಿನ ಪ್ರಶ್ನೆ. ನೀನು ನಂಗಿಷ್ಟ, ಫ್ರೆಂಡ್‌ಗಿಂತ ಸ್ವಲ್ಪ ಜಾಸ್ತಿ. ನಿಂಗೂ ಹಾಗೇ ಅನ್ಸುತ್ತಾ, ಇಲ್ಲಾ ನಾನು ಸಿಲಬಸ್‌ನಲ್ಲಿ ಇಲ್ಲದ್ದನ್ನ ಓದ್ತಾ ಇದ್ದೀನಾ? ಇಲ್ಲ ಅಂದ್ರೂ ನೋಟ್ಸ್‌ ಕೊಡೋದು ನಿಲ್ಸಲ್ಲ. ಇವತ್ತೇ ಉತ್ತರ ಬೇಕು ಅಂತೇನಿಲ್ಲ.’

ತಮಾಷೆ ಎಲ್ಲಿದೆ ನೋಡಿ. ‘ನೀನು ನಂಗಿಷ್ಟ’ ಎಂಬ ಮಾತು ನೇರವಾಗಿಯೇ ಇದೆ, ನಗು ತನ್ನ ಮೇಲೆಯೇ ಇದೆ. ‘ಸಿಲಬಸ್‌ನಲ್ಲಿ ಇಲ್ಲ ಕಣೋ’ ಎಂದು ಆಕೆಯೂ ನಗುತ್ತಲೇ ಬೇಡ ಎನ್ನಬಹುದು. ಬೇಡ ಎಂದರೆ ಏನೂ ಕಳೆದುಹೋಗದು ಎಂಬ ಭರವಸೆಯೂ ಇದೆ. ಕೇಳುವವಳು ಹುಡುಗಿಯಾದರೂ ಕ್ರಮ ಇದೇ.

ಉತ್ತರ ಓದುವುದು ಹೇಗೆ?

‘ನಂಗೂ ಇಷ್ಟ’ ಎಂದರೆ ಮಾತ್ರ ಹೌದು. ‘ಯೋಚಿಸಿ ಹೇಳ್ತೀನಿ’ ಎಂದರೆ ಆಕೆಯೇ ಹೇಳುವವರೆಗೆ ಮತ್ತೆ ಕೇಳಬೇಡಿ. ವಿಷಯ ಬದಲಿಸಿದರೆ, ಬರೀ ಇಮೋಜಿ ಬಂದರೆ, ಉತ್ತರವೇ ಬಾರದಿದ್ದರೆ ಅದನ್ನು ‘ಇಲ್ಲ’ ಎಂದೇ ಓದಿಕೊಳ್ಳಿ. ಗೆಳತಿಯರ ಮೂಲಕ ಒತ್ತಾಯಿಸುವುದು, ಬೇರೆ ನಂಬರಿನಿಂದ ಮೆಸೇಜ್‌ ಮಾಡುವುದು ಬೇಡವೇ ಬೇಡ. ಕೊಟ್ಟ ಮಾತಿನಂತೆ ನೋಟ್ಸ್‌ ಕೊಡಿ.

‘ಹಿಂದೆ ಬಿದ್ದರೆ ಒಪ್ಪುತ್ತಾರೆ’ ಎಂಬುದು ಸಿನಿಮಾದ ಮಾತು. ಕಾನೂನಿನ ಮಾತು ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್‌ ಪ್ರಕಾರ, ಮಹಿಳೆ ಆಸಕ್ತಿಯಿಲ್ಲ ಎಂದು ಸ್ಪಷ್ಟಪಡಿಸಿದ ಮೇಲೂ ಪುರುಷನೊಬ್ಬ ಪದೇ ಪದೇ ಸಂಪರ್ಕಿಸುವುದು ಅಪರಾಧ. ಮೊದಲ ಬಾರಿಯೇ ಮೂರು ವರ್ಷದವರೆಗೆ ಜೈಲು, ದಂಡ ಆಗಬಹುದು.

ಹಾಗಾದರೆ ಸತ್ಯ ಏನು?

ಸ್ಟೇಟಸ್‌, ಟಿಕ್‌, ನಗು ನೋಡಿ ಪ್ರೀತಿಯನ್ನು ಖಚಿತವಾಗಿ ಹೇಳಲಾಗದು. ಆ ಫಾರ್ವರ್ಡ್‌ ತಪ್ಪು. ಒಮ್ಮೆ, ಖಾಸಗಿಯಾಗಿ, ನಗುನಗುತ್ತಾ, ಆದರೆ ನೇರವಾಗಿ ಕೇಳಿ. ಬಂದ ಉತ್ತರವನ್ನು ಅಲ್ಲಿಗೇ ಒಪ್ಪಿಕೊಳ್ಳಿ.